ನಿದ್ರೆಯ ವೇಳೆಯ ನಿಪ್ಪಲ್: ಉಪಯೋಗ, ಮಿತಿ ಮತ್ತು ಬಿಡಿಸುವ ಕ್ರಮ

ಹಾಲು ಕುಡಿದು ಹೊಟ್ಟೆ ತುಂಬಿದ ಮೇಲೂ ಕೆಲವು ಶಿಶುಗಳು ನಿದ್ರೆಗೆ ಮುನ್ನ ಏನನ್ನಾದರೂ ಚೀಪಲು ಹಂಬಲಿಸುತ್ತವೆ. ಕೈಗೆ ಸಿಕ್ಕಿದ ಬಟ್ಟೆಯ ಅಂಚನ್ನೋ ತಮ್ಮದೇ ಬೆರಳನ್ನೋ ಬಾಯಿಗಿಟ್ಟುಕೊಂಡು ಶಾಂತವಾಗುತ್ತವೆ. ಇಂತಹ ಶಿಶುಗಳಿಗಾಗಿ ಔಷಧಿ ಅಂಗಡಿಗಳಲ್ಲಿ ರಬ್ಬರು ಅಥವಾ ಸಿಲಿಕೋನಿನಿಂದ ಮಾಡಿದ, ತೂತಿಲ್ಲದ ಒಂದು ತೊಟ್ಟು ದೊರೆಯುತ್ತದೆ. ಪೊಟ್ಟಣದ ಮೇಲೆ ಅದರ ಹೆಸರು ಪ್ಯಾಸಿಫೈಯರ್ ಎಂದಿದ್ದರೂ ನಮ್ಮ ಮನೆಗಳಲ್ಲಿ ಅದನ್ನು ಸಾಮಾನ್ಯವಾಗಿ ನಿಪ್ಪಲ್ ಎಂದೇ ಕರೆಯುತ್ತಾರೆ. ಹಾಲಿನ ಬಾಟಲಿಗೆ ಹಾಕುವ ನಿಪ್ಪಲ್ ಬೇರೆ, ಇದು ಬೇರೆ. ಬಾಟಲಿಯ ನಿಪ್ಪಲ್ಲಿನಿಂದ ಹಾಲು ಬರುತ್ತದೆ. ಇದರಿಂದ ಏನೂ ಬರುವುದಿಲ್ಲ. ಈ ಪಾಠದಲ್ಲಿ ನಿಪ್ಪಲ್ ಎಂದಾಗಲೆಲ್ಲ ಈ ಎರಡನೆಯದನ್ನೇ ತಿಳಿಯತಕ್ಕದ್ದು.

ನಿಪ್ಪಲ್ಲಿನ ಬಗ್ಗೆ ತಾಯಂದಿರು ಪರಸ್ಪರ ವಿರುದ್ಧವಾದ ಎರಡು ಮಾತುಗಳನ್ನು ಕೇಳಿರುತ್ತಾರೆ. ಅದು ಕೆಟ್ಟ ಚಟ, ಮನೆಯೊಳಗೇ ತರಬಾರದು ಎಂಬುದು ಒಂದು. ಮಗು ಅತ್ತಾಗಲೆಲ್ಲ ಬಾಯಿಗಿಟ್ಟರೆ ಸಾಕು, ಮನೆಯಲ್ಲಿ ನೆಮ್ಮದಿ ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಯಾವ ಶಿಶುವಿಗೆ, ಯಾವ ವಯಸ್ಸಿನಲ್ಲಿ, ದಿನದ ಯಾವ ಹೊತ್ತಿನಲ್ಲಿ ಕೊಡುತ್ತೇವೆ ಎಂಬುದರ ಮೇಲೆ ಅದರ ಗುಣದೋಷಗಳು ನಿಂತಿವೆ.

ಶಿಶು ಏಕೆ ಚೀಪುತ್ತದೆ?

ಚೀಪುವುದನ್ನು ಶಿಶುವಿಗೆ ಯಾರೂ ಕಲಿಸಬೇಕಾಗಿಲ್ಲ. ಅದು ತಾಯಿಯ ಗರ್ಭದಲ್ಲಿರುವಾಗಲೇ ಬೆರಳು ಚೀಪುವುದನ್ನು ಸ್ಕ್ಯಾನಿಂಗ್ ಪರೀಕ್ಷೆಯಲ್ಲಿ ಕಾಣಬಹುದು. ಆದರೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ತಾಳ ತಪ್ಪದಂತೆ ಒಟ್ಟಿಗೆ ನಡೆಸುವ ಶಕ್ತಿ ಸುಮಾರು 34 ವಾರಗಳ ಗರ್ಭಾವಧಿಯ ಹೊತ್ತಿಗೆ ಬರುತ್ತದೆ. ಆದುದರಿಂದಲೇ ಅದಕ್ಕಿಂತ ಮೊದಲು ಹುಟ್ಟಿದ ಶಿಶುಗಳಿಗೆ ಕೆಲವು ದಿನ ನಳಿಕೆಯ ಮೂಲಕ ಹಾಲು ಕೊಡಬೇಕಾಗುತ್ತದೆ.

ಶಿಶುವಿನ ಚೀಪುವಿಕೆಯಲ್ಲಿ ಎರಡು ವಿಧಗಳಿವೆ. ಹಾಲು ಬರುತ್ತಿರುವಾಗ ಅದು ನಿಧಾನವಾಗಿ, ಸೆಕೆಂಡಿಗೆ ಸುಮಾರು ಒಂದು ಸಲದಂತೆ ಆಳವಾಗಿ ಎಳೆದು ನುಂಗುತ್ತದೆ. ಹಾಲಿಲ್ಲದೆ ಬರಿದೇ ಚೀಪುವಾಗ ಸೆಕೆಂಡಿಗೆ ಸುಮಾರು ಎರಡು ಸಲದಂತೆ ಬೇಗ ಬೇಗನೆ ಚೀಪಿ, ನಡುವೆ ನಿಲ್ಲಿಸಿ, ಮತ್ತೆ ಚೀಪುತ್ತದೆ; ನುಂಗುವ ಸದ್ದು ಅಷ್ಟಾಗಿ ಕೇಳಿಸುವುದಿಲ್ಲ. ಈ ಎರಡನೆಯ ವಿಧದ ಚೀಪುವಿಕೆಯಿಂದ ಶಿಶುವಿನ ಕೈಕಾಲುಗಳ ಚಡಪಡಿಕೆ ಕಡಿಮೆಯಾಗುತ್ತದೆ, ಅಳು ತಗ್ಗುತ್ತದೆ, ಕಣ್ಣು ಮುಚ್ಚುತ್ತದೆ. ಎದೆಹಾಲು ಕುಡಿಯುವ ಶಿಶು ಈ ಸಮಾಧಾನವನ್ನು ತಾಯಿಯ ಎದೆಯಲ್ಲಿಯೇ ಪಡೆಯುತ್ತದೆ. ಹೊಟ್ಟೆ ತುಂಬಿದ ಮೇಲೂ ಐದು ಹತ್ತು ನಿಮಿಷ ಮೊಲೆತೊಟ್ಟನ್ನು ಬಿಡದೆ ತೂಕಡಿಸುವುದು ಇದಕ್ಕೇ. ಅಂತಹ ಶಿಶು ಸುಖವಾಗಿ ನಿದ್ರಿಸುತ್ತಿದ್ದರೆ ಅದಕ್ಕೆ ನಿಪ್ಪಲ್ಲಿನ ಅವಶ್ಯಕತೆಯೇ ಇಲ್ಲ. ಹೊಸದಾಗಿ ಅಭ್ಯಾಸ ಮಾಡಿಸಲೂಬಾರದು.

ಯಾವ ಶಿಶುಗಳಿಗೆ ಅದು ನೆರವಾಗುತ್ತದೆ?

ಮೊದಲನೆಯದಾಗಿ, ಅವಧಿಗೆ ಮುನ್ನ ಹುಟ್ಟಿ ನಳಿಕೆಯಲ್ಲಿ ಹಾಲು ಪಡೆಯುತ್ತಿರುವ ಶಿಶುಗಳಿಗೆ ಇದರಿಂದ ಪ್ರಯೋಜನವಿದೆ. ಆಸ್ಪತ್ರೆಯಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿ ಹೀಗೆ ಬರಿದೇ ಚೀಪಿಸಿದ ಶಿಶುಗಳು ಬಾಯಿಯಿಂದ ಹಾಲು ಕುಡಿಯುವುದನ್ನು ಬೇಗ ಕಲಿತು ಬೇಗ ಮನೆಗೆ ಹೋಗುತ್ತವೆ ಎಂದು ಅಧ್ಯಯನಗಳಿಂದ ತಿಳಿದುಬಂದಿದೆ. ಹಾಲು ಹಿಂಡಿ ತೆಗೆದ ಮೇಲೆ ತಾಯಿಯ ಬರಿದಾದ ಎದೆಯನ್ನೇ ಚೀಪಲು ಬಿಡುವುದರಿಂದಲೂ ಇಂತಹ ಶಿಶುವಿಗೆ ಚೀಪುವ ಅಭ್ಯಾಸ ದೊರೆಯುತ್ತದೆ.

ಎರಡನೆಯದಾಗಿ, ತಾಯಿಯ ಕಾಯಿಲೆ ಮೊದಲಾದ ಕಾರಣಗಳಿಂದ ಎದೆಹಾಲಿಲ್ಲದೆ ಬೆಳೆಯುತ್ತಿರುವ ಶಿಶುಗಳು. ಲೋಟ ಚಮಚೆಯಿಂದ ಹಾಲು ಕುಡಿಯುವ ಶಿಶುವಿನ ಹೊಟ್ಟೆ ತುಂಬಿದರೂ ಚೀಪುವ ಆಸೆ ತೀರುವುದಿಲ್ಲ. ಮಲಗುವ ಹೊತ್ತಿನಲ್ಲಿ ಈ ಕೊರತೆ ಹೆಚ್ಚಾಗಿ ತೋರುತ್ತದೆ.

ಮೂರನೆಯ ವಿಷಯ ನಿದ್ರೆಯ ಸುರಕ್ಷತೆಗೆ ಸಂಬಂಧಿಸಿದುದು. ಆರೋಗ್ಯವಾಗಿದ್ದ ಶಿಶು ಯಾವ ಸೂಚನೆಯೂ ಇಲ್ಲದೆ ನಿದ್ರೆಯಲ್ಲಿಯೇ ತೀರಿಕೊಳ್ಳುವ ಘಟನೆಗಳುಂಟು. ಇವುಗಳಲ್ಲಿ ಹೆಚ್ಚಿನವು ಮೊದಲ ಆರು ತಿಂಗಳೊಳಗೆ ಸಂಭವಿಸುತ್ತವೆ. ಹೀಗೆ ತೀರಿಕೊಂಡ ಶಿಶುಗಳನ್ನು ಇತರ ಶಿಶುಗಳೊಡನೆ ಹೋಲಿಸಿ ನೋಡಿದಾಗ, ನಿಪ್ಪಲ್ ಚೀಪುತ್ತಾ ಮಲಗಿದ ಶಿಶುಗಳಲ್ಲಿ ಈ ಅಪಾಯ ಕಡಿಮೆಯಿದ್ದುದು ಕಂಡುಬಂದಿತು. ಈ ಕಾರಣದಿಂದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2005ರಲ್ಲಿ ನಿದ್ರೆಯ ವೇಳೆ ನಿಪ್ಪಲ್ ಕೊಡುವುದನ್ನು ಪರಿಶೀಲಿಸಬಹುದೆಂದು ಸೂಚಿಸಿತು. 2022ರ ಸೂಚನೆಯಲ್ಲಿಯೂ ಈ ಸಲಹೆಯನ್ನು ಉಳಿಸಿಕೊಂಡಿದೆ. ಇದರ ಕಾರಣ ಖಚಿತವಾಗಿ ನಿರ್ಧಾರವಾಗಿಲ್ಲ. ಚೀಪುವ ಶಿಶು ತೀರ ಗಾಢವಾದ ನಿದ್ರೆಗೆ ಜಾರದೆ ಬೇಗ ಎಚ್ಚರಗೊಳ್ಳಬಲ್ಲದು, ಚೀಪುವಾಗ ನಾಲಿಗೆ ಮುಂದಕ್ಕೆ ಬಂದು ಉಸಿರಿನ ದಾರಿ ತೆರೆದಿರುತ್ತದೆ ಎಂಬ ವಿವರಣೆಗಳಿವೆ. ನಿದ್ರೆ ಬಂದ ಮೇಲೆ ನಿಪ್ಪಲ್ ಬಾಯಿಂದ ಬಿದ್ದುಹೋದರೂ ರಕ್ಷಣೆ ಉಳಿಯುತ್ತದೆ ಎಂಬುದು ಗಮನಾರ್ಹ. ಆದುದರಿಂದ ಬಿದ್ದ ನಿಪ್ಪಲ್ಲನ್ನು ಮಲಗಿದ ಮಗುವಿನ ಬಾಯಿಗೆ ಮತ್ತೆ ಇಡುವ ಅಗತ್ಯವಿಲ್ಲ.

ಆದರೆ ಈ ವಿಷಯದಲ್ಲಿ ಮೊದಲ ಸ್ಥಾನ ನಿಪ್ಪಲ್ಲಿಗೆ ಸಲ್ಲುವುದಿಲ್ಲ. ಶಿಶುವನ್ನು ಅಂಗಾತ ಮಲಗಿಸುವುದು, ಮೆತ್ತನೆಯ ದಿಂಬು ಮತ್ತು ದಪ್ಪ ಕೌದಿಗಳನ್ನು ಮುಖದ ಬಳಿ ಇಡದಿರುವುದು, ಮನೆಯೊಳಗೆ ಬೀಡಿ ಸಿಗರೇಟು ಸೇದದಿರುವುದು, ಎದೆಹಾಲನ್ನೇ ಕೊಡುವುದು, ಇವು ಮೊದಲಿನವು. ಮಗುವನ್ನು ಬೋರಲು ಮಲಗಿಸಿ ಬಾಯಿಗೆ ನಿಪ್ಪಲ್ ಇಟ್ಟರೆ ಅದು ರಕ್ಷಣೆಯಾಗಲಾರದು.

ಕೊಡುವುದಕ್ಕೆ ಮುನ್ನ

ಎದೆಹಾಲು ಕುಡಿಯುವ ಶಿಶುವಿಗೆ ಹಾಲೂಡುವಿಕೆ ಚೆನ್ನಾಗಿ ನೆಲೆಗೊಳ್ಳುವವರೆಗೆ, ಅಂದರೆ ಸಾಮಾನ್ಯವಾಗಿ ಮೊದಲ ಮೂರು ನಾಲ್ಕು ವಾರ, ನಿಪ್ಪಲ್ ಕೊಡಬಾರದು. ಶಿಶು ಎಷ್ಟು ಸಲ ಎದೆಯನ್ನು ಚೀಪುತ್ತದೆಯೋ ಅದಕ್ಕನುಗುಣವಾಗಿ ತಾಯಿಗೆ ಹಾಲು ಬರುತ್ತದೆ. ಬಾಣಂತನದ ಮೊದಲ ದಿನಗಳಲ್ಲಿ ಚೀಪುವ ಆ ಸಮಯವನ್ನು ನಿಪ್ಪಲ್ ಕಸಿದುಕೊಂಡರೆ ಹಾಲು ಕಡಿಮೆಯಾಗುವ ಸಂಭವವಿದೆ. ಹಾಲೂಡಿಕೆ ನೆಲೆಗೊಂಡ ಮೇಲೆ, ಎದೆಹಾಲು ಕೊಡಲು ಮನಸ್ಸಿರುವ ತಾಯಂದಿರಲ್ಲಿ ನಿಪ್ಪಲ್ಲಿನಿಂದ ಹಾಲೂಡಿಕೆಯ ಅವಧಿ ಕಡಿಮೆಯಾಗಲಿಲ್ಲವೆಂದು ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳು ಹೆರಿಗೆ ಆಸ್ಪತ್ರೆಗಳಿಗೆ ಹಾಕಿಕೊಟ್ಟ ಹತ್ತು ಸೂತ್ರಗಳಲ್ಲಿ ಒಂಬತ್ತನೆಯದು ಹಿಂದೆ ನಿಪ್ಪಲ್ಲನ್ನು ಕೊಡಲೇಬಾರದೆಂದು ಹೇಳುತ್ತಿತ್ತು. 2018ರ ಪರಿಷ್ಕರಣೆಯಲ್ಲಿ, ಬಾಟಲಿ ಮತ್ತು ನಿಪ್ಪಲ್ಲುಗಳ ಬಳಕೆ ಹಾಗೂ ಅಪಾಯಗಳ ಬಗ್ಗೆ ತಾಯಿಗೆ ತಿಳಿವಳಿಕೆ ಕೊಡಬೇಕೆಂದು ಅದನ್ನು ಬದಲಿಸಲಾಯಿತು.

ನಿಪ್ಪಲ್ ಕೈಗೆತ್ತಿಕೊಳ್ಳುವ ಮುನ್ನ ತಾಯಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮಗುವಿಗೆ ಹಸಿವಾಗಿದೆಯೇ? ಹಸಿದ ಶಿಶು ತಲೆಯನ್ನು ಅತ್ತಿತ್ತ ತಿರುಗಿಸಿ ಬಾಯಿ ತೆರೆಯುತ್ತದೆ, ಕೈಯನ್ನು ಬಾಯಿಗೆ ಒಯ್ಯುತ್ತದೆ, ತುಟಿಗಳನ್ನು ಚಪ್ಪರಿಸುತ್ತದೆ. ಈ ಸೂಚನೆಗಳು ಕಂಡಾಗ ನಿಪ್ಪಲ್ ಕೊಟ್ಟರೆ ಹಸಿವಿನ ಮಾತನ್ನು ಬಾಯಿ ಮುಚ್ಚಿಸಿ ಅಡಗಿಸಿದಂತಾಗುತ್ತದೆ. ದುರ್ಬಲ ಶಿಶುವಾದರೆ ಚೀಪುತ್ತಲೇ ದಣಿದು ಮಲಗಿಬಿಡುತ್ತದೆ. ಮನೆಯವರು ಅದನ್ನು ಶಾಂತ ಸ್ವಭಾವದ ಮಗುವೆಂದು ಭಾವಿಸುತ್ತಾರೆ. ಹೀಗಾಗಿದೆಯೇ ಎಂದು ತಿಳಿಯಲು ಎರಡು ಗುರುತುಗಳಿವೆ. ಎದೆಹಾಲು ಸಾಕಾಗುತ್ತಿರುವ ಶಿಶು ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡುತ್ತದೆ. ಮತ್ತು ತಾಯಿ ಮಗುವಿನ ಕಾರ್ಡಿನಲ್ಲಿ ಗುರುತಿಸುವ ತೂಕದ ಗೆರೆ ಪ್ರತಿ ತಿಂಗಳೂ ಮೇಲಕ್ಕೆ ಏರುತ್ತದೆ. ಗೆರೆ ಮಟ್ಟಸವಾಗಿದ್ದರೆ ಅಥವಾ ಇಳಿದಿದ್ದರೆ ನಿಪ್ಪಲ್ಲನ್ನು ಕೂಡಲೇ ನಿಲ್ಲಿಸಿ ಆರೋಗ್ಯ ಕೇಂದ್ರಕ್ಕೆ ಮಗುವನ್ನು ತರಬೇಕು.

ನಿಪ್ಪಲ್ಲಿನ ಹಿಂಬದಿಯ ಬಿಲ್ಲೆ ಮಗುವಿನ ಬಾಯಿಗಿಂತ ಅಗಲವಾಗಿರಬೇಕು. ಅದರಲ್ಲಿ ಗಾಳಿಯಾಡಲು ತೂತುಗಳಿರಬೇಕು. ತೊಟ್ಟು ಮತ್ತು ಬಿಲ್ಲೆ ಬಿಡಿ ಬಿಡಿಯಾಗಿರದೆ ಒಂದೇ ತುಂಡಾಗಿರುವುದು ಮೇಲು. ಪ್ರತಿ ಸಲ ಕೊಡುವ ಮುನ್ನ ತೊಟ್ಟನ್ನು ಎಳೆದು ನೋಡಿ, ಸೀಳಿದ್ದರೆ ಅಥವಾ ಅಂಟಂಟಾಗಿದ್ದರೆ ಬಿಸಾಡಬೇಕು. ಅದನ್ನು ದಾರದಿಂದ ಕಟ್ಟಿ ಕೊರಳಿಗೆ ಹಾಕುವುದು, ತೊಟ್ಟಿಲ ಹಗ್ಗಕ್ಕೆ ತೂಗುಬಿಡುವುದು ಪ್ರಾಣಾಪಾಯಕರ. ಮಗು ಹೊರಳುವಾಗ ದಾರ ಕೊರಳಿಗೆ ಬಿಗಿಯುತ್ತದೆ. ಮೊದಲ ಆರು ತಿಂಗಳು ನಿಪ್ಪಲ್ಲನ್ನು ದಿನಕ್ಕೊಮ್ಮೆ ಸೋಪಿನಿಂದ ತೊಳೆದು, ಐದು ನಿಮಿಷ ನೀರಿನಲ್ಲಿ ಕುದಿಸಿ, ಒಣಗಿಸಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಡಬೇಕು. ಕೆಳಗೆ ಬಿದ್ದುದನ್ನು ಸೆರಗಿನಿಂದ ಒರೆಸಿಯೋ ತಮ್ಮ ಬಾಯಲ್ಲಿ ಚೀಪಿಯೋ ಮಗುವಿಗೆ ಕೊಡಬಾರದು. ಸಕ್ಕರೆ ಪಾಕ, ಬೆಲ್ಲದ ನೀರುಗಳಲ್ಲಿ ಅದ್ದಿ ಕೊಟ್ಟರೆ ಮೊಳೆಯುತ್ತಿರುವ ಹಲ್ಲು ಹುಳುಕಾಗುತ್ತದೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ಶಿಶುವಿನ ನಾಲಿಗೆಗೂ ತಾಗಿಸಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಶಿಶುವಿನ ಕರುಳಿನಲ್ಲಿ ಬೆಳೆದು, ಸ್ನಾಯುಗಳನ್ನು ಸಡಿಲಗೊಳಿಸುವ ವಿಷವನ್ನು ಉಂಟುಮಾಡಬಲ್ಲದು.

ಒಂದು ವರ್ಷದ ಹೊತ್ತಿಗೆ ಬಿಡಿಸುವುದೇಕೆ?

ಆರು ತಿಂಗಳವರೆಗೆ ನಿಪ್ಪಲ್ಲಿನ ತಕ್ಕಡಿಯಲ್ಲಿ ಲಾಭದ ತಟ್ಟೆ ಭಾರವಾಗಿರುತ್ತದೆ. ಆಮೇಲೆ ಅದು ನಿಧಾನವಾಗಿ ಮೇಲೇಳುತ್ತದೆ. ನಿದ್ರಾಮರಣದ ಅಪಾಯ ಆರು ತಿಂಗಳ ನಂತರ ಬಹಳ ಕಡಿಮೆಯಾಗುತ್ತದೆ. ಮಗು ಗಟ್ಟಿ ಆಹಾರ ತಿನ್ನಲು, ಕೂರಲು, ಅಂಬೆಗಾಲಿಡಲು ಕಲಿಯುವುದರಿಂದ ಸಮಾಧಾನಕ್ಕೆ ಬೇರೆ ದಾರಿಗಳೂ ತೆರೆಯುತ್ತವೆ. ಅದೇ ಸಮಯದಲ್ಲಿ ದೋಷಗಳು ಒಂದೊಂದಾಗಿ ತಲೆದೋರುತ್ತವೆ.

ಇವುಗಳಲ್ಲಿ ಮೊದಲನೆಯದು ಕಿವಿಯ ಸೋಂಕು. ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಒಂದು ಸಣ್ಣ ನಾಳವಿದೆ. ದೊಡ್ಡವರಲ್ಲಿ ಅದು ಉದ್ದವಾಗಿ ಇಳಿಜಾರಾಗಿರುತ್ತದೆ. ಶಿಶುಗಳಲ್ಲಿ ಗಿಡ್ಡವಾಗಿ ಹೆಚ್ಚು ಕಡಿಮೆ ಮಟ್ಟಸವಾಗಿರುತ್ತದೆ. ಸದಾ ಚೀಪುತ್ತಿದ್ದರೆ ಗಂಟಲಿನ ರೋಗಾಣುಗಳು ಈ ನಾಳದ ಮೂಲಕ ಕಿವಿ ಸೇರಲು ಅನುಕೂಲವಾಗುತ್ತದೆಂದು ಭಾವಿಸಲಾಗಿದೆ. ಫಿನ್‌ಲ್ಯಾಂಡಿನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಿಪ್ಪಲ್ಲನ್ನು ನಿದ್ರೆ ಬರುವ ಹೊತ್ತಿಗೆ ಮಾತ್ರ ಸೀಮಿತಗೊಳಿಸುವಂತೆ ಒಂದು ಗುಂಪಿನ ತಾಯಿತಂದೆಯರಿಗೆ ತಿಳಿಹೇಳಲಾಯಿತು. ಆ ಗುಂಪಿನ ಮಕ್ಕಳಲ್ಲಿ ಮಧ್ಯಕಿವಿಯ ಸೋಂಕು ಇತರರಿಗಿಂತ ಶೇಕಡ 29ರಷ್ಟು ಕಡಿಮೆಯಾಯಿತು. ಅಂದರೆ ಪೂರ್ತಿ ಬಿಡಿಸುವುದಕ್ಕೆ ಮೊದಲೇ, ಹಗಲಿನಲ್ಲಿ ಚೀಪುವುದನ್ನು ನಿಲ್ಲಿಸಿದರೂ ಪ್ರಯೋಜನವಿದೆ.

ಎರಡನೆಯದು ನಿದ್ರೆಯೇ. ಮೊದಲ ತಿಂಗಳುಗಳಲ್ಲಿ ನಿದ್ರೆ ತರಿಸಿದ ನಿಪ್ಪಲ್ ಎಂಟು ಒಂಬತ್ತನೆಯ ತಿಂಗಳ ಹೊತ್ತಿಗೆ ನಿದ್ರೆ ಕೆಡಿಸತೊಡಗುತ್ತದೆ. ಶಿಶುವಿನ ನಿದ್ರೆ ಸುಮಾರು ಒಂದು ಗಂಟೆಗೊಮ್ಮೆ ತೆಳುವಾಗುತ್ತದೆ. ಅದು ಅರೆ ಎಚ್ಚರಗೊಂಡು ಹೊರಳಿ ಮತ್ತೆ ಮಲಗುತ್ತದೆ. ಮಲಗುವಾಗ ಬಾಯಲ್ಲಿದ್ದುದು ಈಗ ಇಲ್ಲವೆಂದು ತಿಳಿಯುವಷ್ಟು ಬುದ್ಧಿ ಬೆಳೆದಾಗ ಅದು ಪೂರ್ತಿ ಎಚ್ಚತ್ತು ಅಳುತ್ತದೆ. ತಾಯಿ ಕತ್ತಲೆಯಲ್ಲಿ ಹಾಸಿಗೆಯನ್ನೆಲ್ಲ ತಡಕಿ ಅದನ್ನು ಹುಡುಕಿ ಬಾಯಿಗಿಡುತ್ತಾಳೆ. ಮುಂದಿನ ಸುತ್ತಿನಲ್ಲಿ ಮತ್ತೆ ಅದೇ ಕಥೆ.

ಮೂರನೆಯದು ಹಲ್ಲು ಮತ್ತು ಮಾತು. ಎರಡು ಮೂರು ವರ್ಷಗಳಾದರೂ ಬಿಡದ ಮಕ್ಕಳಲ್ಲಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳು ಕೂಡದೆ ನಡುವೆ ಸಂದು ಉಳಿಯುತ್ತದೆ. ಒಂದು ವರ್ಷದ ಸುಮಾರಿಗೆ ನಿಲ್ಲಿಸಿದರೆ ಈ ಭಯವಿಲ್ಲ. ತೊದಲು ಮಾತು ಕಲಿಯುವ ಈ ವಯಸ್ಸಿನಲ್ಲಿ ಹಗಲೆಲ್ಲ ಬಾಯಿ ಮುಚ್ಚಿಸಿಡುವುದು ತಕ್ಕುದಲ್ಲ. ಇಷ್ಟೇ ಅಲ್ಲದೆ, ಒಂದೂವರೆ ಎರಡು ವರ್ಷಗಳ ಮಗುವಿಗೆ ಹಟವೂ ನೆನಪೂ ಬಲವಾಗಿರುತ್ತವೆ. ಹನ್ನೊಂದು ಹನ್ನೆರಡನೆಯ ತಿಂಗಳಲ್ಲಿ ಕೆಲವು ವಾರಗಳಲ್ಲಿ ಮುಗಿಯುವ ಕೆಲಸ ಆಗ ಬಹಳ ಕಷ್ಟವಾಗುತ್ತದೆ.

ಒಂದು ಮಗುವಿನ ಉದಾಹರಣೆ

ಬಿಡಿಸುವ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿದುಕೊಳ್ಳೋಣ. ಹತ್ತೂವರೆ ತಿಂಗಳ ಒಂದು ಹೆಣ್ಣು ಮಗು. ತೂಕ 8.4 ಕಿಲೋಗ್ರಾಂ, ಕಾರ್ಡಿನಲ್ಲಿ ಗೆರೆ ಸರಿಯಾಗಿ ಏರುತ್ತಿದೆ. ಆರು ತಿಂಗಳ ಹೆರಿಗೆ ರಜೆ ಮುಗಿದು ತಾಯಿ ಬಟ್ಟೆ ಕಾರ್ಖಾನೆಯ ಕೆಲಸಕ್ಕೆ ಮರಳಿದಾಗ, ಮಗುವನ್ನು ನೋಡಿಕೊಳ್ಳುವ ಅಜ್ಜಿ ಮಲಗಿಸಲೆಂದು ನಿಪ್ಪಲ್ ಆರಂಭಿಸಿದರು. ಕ್ರಮೇಣ ಅದು ಹಗಲಿನ ಸಂಗಾತಿಯೂ ಆಯಿತು. ಈಗ ಮಗು ರಾತ್ರಿ ಐದು ಸಲ ಏಳುತ್ತದೆ. ಕಳೆದ ಮೂರು ತಿಂಗಳಲ್ಲಿ ಎರಡು ಸಲ ಜ್ವರ ಬಂದು ಕಿವಿ ನೋವಾಗಿದೆ. ಒಮ್ಮೆ ಕಿವಿ ಸೋರಿದೆ. ಹಸಿವಿನಿಂದ ಏಳುತ್ತಿದೆಯೆಂದು ತಾಯಿಯ ಅನುಮಾನ. ಆದರೆ ಮಗು ದಿನಕ್ಕೆ ಮೂರು ಹೊತ್ತು ರಾಗಿ ಗಂಜಿ, ಬೇಳೆ ಬೆರೆಸಿದ ಮೆತ್ತನೆಯ ಅನ್ನ ತಿನ್ನುತ್ತದೆ, ಬೆಳಿಗ್ಗೆ ಸಂಜೆ ಮತ್ತು ಮಲಗುವ ಮುನ್ನ ಎದೆಹಾಲು ಕುಡಿಯುತ್ತದೆ. ರಾತ್ರಿ ಎದ್ದಾಗ ನಿಪ್ಪಲ್ ಸಿಕ್ಕಿದ ಕೂಡಲೇ ಒಂದು ಗುಟುಕು ಹಾಲೂ ಬೇಡದೆ ಮಲಗುತ್ತದೆ. ಹಸಿವಲ್ಲ, ಅಭ್ಯಾಸ ಎಂಬುದಕ್ಕೆ ಇದೇ ಸಾಕ್ಷಿ. ಪರೀಕ್ಷೆಯಲ್ಲಿ ಕಿವಿಗಳು ಒಣಗಿ ವಾಸಿಯಾಗಿವೆ. ಆದುದರಿಂದ ಬಿಡಿಸಲು ಇದು ಸರಿಯಾದ ಸಮಯ.

ಮೊದಲ ವಾರದಲ್ಲಿ ಹಗಲು ಎಚ್ಚರವಾಗಿರುವ ಹೊತ್ತಿನಲ್ಲಿ ಮಾತ್ರ ನಿಪ್ಪಲ್ಲನ್ನು ನಿಲ್ಲಿಸಬೇಕು. ಮಗು ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಡಬ್ಬಿಗೆ ಹಾಕಿ, ಕಣ್ಣಿಗೆ ಕಾಣದ ಎತ್ತರದಲ್ಲಿಡುವುದು. ಅತ್ತರೆ ಅಜ್ಜಿ ಮೊದಲು ಹಸಿವು, ಒದ್ದೆ ಬಟ್ಟೆ, ನಿದ್ರೆ ಈ ಮೂರನ್ನು ವಿಚಾರಿಸುವುದು. ಮೂರೂ ಅಲ್ಲವಾದರೆ ಎತ್ತಿಕೊಂಡು ಅಂಗಳಕ್ಕೆ ಹೋಗಿ ಕೋಳಿ, ಕರು, ಕಾಗೆಗಳನ್ನು ತೋರಿಸುವುದು. ಬಟ್ಟಲು ಚಮಚೆ ಕೊಟ್ಟು ನೆಲದ ಮೇಲೆ ಆಡಲು ಬಿಡುವುದು. ಹಲ್ಲು ಬರುವ ಕಿರಿಕಿರಿಯಾದರೆ ತಣ್ಣೀರಿನಲ್ಲಿ ಹಿಂಡಿದ ಶುಚಿಯಾದ ಬಟ್ಟೆಯನ್ನು ಎದುರಿಗೆ ಕುಳಿತು ಕಚ್ಚಲು ಕೊಡಬಹುದು. ಈ ಹಂತ ಸಾಮಾನ್ಯವಾಗಿ ಸುಲಭ. ಈ ಮಗು ಮೂರನೆಯ ದಿನಕ್ಕೆ ಹಗಲಿನಲ್ಲಿ ಅದನ್ನು ಕೇಳುವುದನ್ನು ಬಿಟ್ಟಿತು.

ಎರಡನೆಯ ವಾರದಲ್ಲಿ ಮಲಗುವಾಗ ನಿಪ್ಪಲ್ ಕೊಡುವುದು, ಆದರೆ ನಿದ್ರೆ ಹತ್ತಿದ ಮೇಲೆ ಮತ್ತೆ ಇಡದಿರುವುದು. ರಾತ್ರಿ ಎದ್ದು ಅತ್ತಾಗ ತಾಯಿ ಮೊದಲು ಪಕ್ಕದಲ್ಲಿ ಕುಳಿತು ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟುತ್ತಾ ಐದು ನಿಮಿಷ ನೋಡಬೇಕು. ಅಷ್ಟರಲ್ಲಿಯೂ ಸಮಾಧಾನವಾಗದಿದ್ದರೆ ಮಾತ್ರ ನಿಪ್ಪಲ್ ಕೊಡಬಹುದು. ಇದೇ ವಾರ ಮಲಗುವ ಮುನ್ನ ನಡೆಯುವ ಕೆಲಸಗಳಿಗೆ ಒಂದು ಕ್ರಮ ಹಾಕಬೇಕು: ಊಟ, ಬಿಸಿನೀರಿನಲ್ಲಿ ಮುಖ ಕೈಕಾಲು ತೊಳೆಯುವುದು, ಎದೆಹಾಲು, ದೀಪ ತಗ್ಗಿಸುವುದು, ಜೋಗುಳ. ಪ್ರತಿ ರಾತ್ರಿ ಇದೇ ಕ್ರಮ, ಇದೇ ಹೊತ್ತು, ಸಾಧ್ಯವಾದರೆ ಇದೇ ಹಾಡು. ನಿಪ್ಪಲ್ಲನ್ನು ತೆಗೆದಾಗ ಉಳಿಯುವ ಬರಿದನ್ನು ತುಂಬುವುದು ಈ ಕ್ರಮವೇ. ಆದುದರಿಂದ ನಿಪ್ಪಲ್ ಇರುವಾಗಲೇ ಇದನ್ನು ರೂಢಿ ಮಾಡಬೇಕು. ಈ ವಾರದ ಕೊನೆಗೆ ಮಗು ಏಳುವುದು ಐದರಿಂದ ಮೂರಕ್ಕೆ ಇಳಿಯಿತು.

ಮೂರನೆಯ ವಾರದಲ್ಲಿ ಹಗಲು ನಿದ್ರೆಗೆ ನಿಪ್ಪಲ್ ಇಲ್ಲ. ಹಗಲನ್ನು ಮೊದಲು ಆರಿಸಿಕೊಳ್ಳಲು ಕಾರಣವೆಂದರೆ, ಆಗ ಮನೆಯವರು ಎಚ್ಚರವಾಗಿದ್ದು ತಾಳ್ಮೆಯಿಂದ ವರ್ತಿಸಬಲ್ಲರು. ಅಜ್ಜಿ ತೊಟ್ಟಿಲು ತೂಗುತ್ತಾ ಜೋಗುಳ ಹಾಡಿದರು. ಮೊದಲ ದಿನ ಮಗು ಮಲಗಲೇ ಇಲ್ಲ. ಎರಡನೆಯ ದಿನ ಅರ್ಧ ಗಂಟೆ ಮಲಗಿತು. ಐದನೆಯ ದಿನಕ್ಕೆ ಎಂದಿನ ಒಂದೂವರೆ ಗಂಟೆಗೆ ಬಂದಿತು. ಒಂದು ವಾರವಾದರೂ ಹಗಲು ನಿದ್ರೆ ಕೂಡಿಬರದಿದ್ದರೆ ಕ್ರಮವನ್ನು ತಿರುಗಿಸಿ, ರಾತ್ರಿಯ ನಿಪ್ಪಲ್ಲನ್ನು ಮೊದಲು ತೆಗೆಯಬಹುದು. ರಾತ್ರಿ ದಣಿವು ಹೆಚ್ಚಾಗಿರುವುದರಿಂದ ಕೆಲವು ಮಕ್ಕಳಿಗೆ ಅದೇ ಸುಲಭವಾಗುತ್ತದೆ.

ನಾಲ್ಕನೆಯ ವಾರ ರಾತ್ರಿಯ ಸರದಿ. ಅಷ್ಟರಲ್ಲಿ ಈ ಮಗುವಿಗೆ ನೆಗಡಿ ಜ್ವರ ಬಂದಿತು. ಕಾಯಿಲೆಯಾದಾಗ, ಪ್ರಯಾಣದಲ್ಲಿ, ಮನೆ ಬದಲಿಸಿದಾಗ ಹೊಸ ಹಂತವನ್ನು ಆರಂಭಿಸಬಾರದು. ಆದುದರಿಂದ ಐದು ದಿನ ಇದ್ದ ಸ್ಥಿತಿಯಲ್ಲಿಯೇ ನಿಲ್ಲಿಸಿ, ಜ್ವರ ಬಿಟ್ಟ ಮೇಲೆ ತಾಯಿಗೆ ಮರುದಿನ ರಜೆಯಿದ್ದ ಶನಿವಾರ ರಾತ್ರಿ ಆರಂಭಿಸಲಾಯಿತು. ಮನೆಯಲ್ಲಿದ್ದ ನಿಪ್ಪಲ್ಲುಗಳೆರಡನ್ನೂ ಅಂದು ಬಿಸಾಡಲಾಯಿತು. ಒಂದು ಉಳಿದಿದ್ದರೂ ನಡುರಾತ್ರಿಯಲ್ಲಿ ಮನಸ್ಸು ಅಲ್ಲಿಗೇ ಹೋಗುತ್ತದೆ.

ಮೊದಲ ರಾತ್ರಿ ಮಗು ಇಪ್ಪತ್ತೈದು ನಿಮಿಷ ಅತ್ತು ಮಲಗಿತು. ಎರಡನೆಯ ರಾತ್ರಿ ನಲವತ್ತು ನಿಮಿಷ ಅತ್ತಿತು. ಇಲ್ಲಿಯೇ ಬಹಳ ಮನೆಗಳಲ್ಲಿ ಪ್ರಯತ್ನ ಮುರಿದುಬೀಳುತ್ತದೆ. ಅಭ್ಯಾಸವನ್ನು ನಿಲ್ಲಿಸಿದಾಗ ಅಳು ಕಡಿಮೆಯಾಗುವ ಮುನ್ನ ಒಮ್ಮೆ ಹೆಚ್ಚಾಗುವುದು ಸಹಜ. ಆ ನಲವತ್ತನೆಯ ನಿಮಿಷದಲ್ಲಿ ಸೋತು ನಿಪ್ಪಲ್ ಕೊಟ್ಟರೆ, ಹೆಚ್ಚು ಹೊತ್ತು ಅತ್ತರೆ ಸಿಗುತ್ತದೆ ಎಂಬ ಪಾಠವನ್ನು ಮಗು ಕಲಿಯುತ್ತದೆ. ಇದರ ಅರ್ಥ ಮಗುವನ್ನು ಒಂಟಿಯಾಗಿ ಅಳಲು ಬಿಡಬೇಕೆಂದಲ್ಲ. ತಾಯಿ ಪಕ್ಕದಲ್ಲಿಯೇ ಇದ್ದು ತಟ್ಟಬಹುದು, ಎತ್ತಿಕೊಳ್ಳಬಹುದು, ಹಾಡಬಹುದು, ಬಾಯಾರಿದ್ದರೆ ಎದೆಗೆ ಹಚ್ಚಬಹುದು. ಕೊಡಬಾರದುದು ನಿಪ್ಪಲ್ ಒಂದನ್ನೇ. ಮೂರನೆಯ ರಾತ್ರಿ ಅಳು ಹದಿನೈದು ನಿಮಿಷಕ್ಕೆ ಇಳಿಯಿತು. ಆರನೆಯ ರಾತ್ರಿ ಕೇವಲ ನರಳಿ ಹೊರಳಿ ಮಲಗಿತು. ಹತ್ತನೆಯ ದಿನದ ಹೊತ್ತಿಗೆ ಮಗು ರಾತ್ರಿ ಒಮ್ಮೆ ಮಾತ್ರ ಏಳುತ್ತಿತ್ತು. ಒಂದು ವರ್ಷ ತುಂಬಿದ ದಿನ ಮನೆಯಲ್ಲಿ ನಿಪ್ಪಲ್ ಇರಲಿಲ್ಲ.

ಎಲ್ಲ ಮಕ್ಕಳೂ ಇದೇ ದಿನಗಣನೆಯಲ್ಲಿ ನಡೆಯುವುದಿಲ್ಲ. ಕೆಲವರಿಗೆ ಎರಡು ವಾರ ಸಾಕು, ಕೆಲವರಿಗೆ ಎರಡು ತಿಂಗಳು ಬೇಕು. ಆದರೆ ಹಂತಗಳ ಕ್ರಮ ಇದೇ: ಮೊದಲು ಹಗಲಿನ ಎಚ್ಚರ, ಆಮೇಲೆ ಮಧ್ಯರಾತ್ರಿಯಲ್ಲಿ ಮತ್ತೆ ಇಡುವುದು, ಆಮೇಲೆ ಹಗಲು ನಿದ್ರೆ, ಕೊನೆಗೆ ರಾತ್ರಿ ನಿದ್ರೆ.

ಎದುರಾಗುವ ತೊಡಕುಗಳು

ಮನೆಯಲ್ಲಿ ಒಮ್ಮತವಿಲ್ಲದಿರುವುದೇ ದೊಡ್ಡ ತೊಡಕು. ತಾಯಿ ಬಿಡಿಸುತ್ತಿರುವಾಗ ಅಜ್ಜಿ ಕನಿಕರದಿಂದ ಕೊಟ್ಟರೆ, ಅಥವಾ ಅಜ್ಜಿ ಬಿಡಿಸಿದುದನ್ನು ರಾತ್ರಿ ಪಾಳಿ ಮುಗಿಸಿ ಬಂದ ತಂದೆ ನಿದ್ರೆಗಾಗಿ ಮತ್ತೆ ಕೊಟ್ಟರೆ ಪ್ರತಿ ಸಲವೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆದುದರಿಂದ ಮಗುವನ್ನು ನೋಡಿಕೊಳ್ಳುವ ಎಲ್ಲರೂ ಕುಳಿತು ದಿನ ಗೊತ್ತುಮಾಡಿಕೊಳ್ಳಬೇಕು. ಅಂಗನವಾಡಿಯಲ್ಲೋ ಶಿಶುವಿಹಾರದಲ್ಲೋ ಬಿಡುವ ಮಗುವಾದರೆ ಅಲ್ಲಿನವರಿಗೂ ತಿಳಿಸಬೇಕು.

ನಿಪ್ಪಲ್ಲಿಗೆ ಬೇವಿನ ರಸ, ಮೆಣಸಿನ ಪುಡಿ ಮೊದಲಾದುವುಗಳನ್ನು ಬಳಿದು ಬಿಡಿಸುವವರುಂಟು. ಇದು ಮಗುವಿನ ಬಾಯನ್ನು ಸುಟ್ಟು ಭಯ ಹುಟ್ಟಿಸುತ್ತದೆಯೇ ಹೊರತು ನಿದ್ರಿಸಲು ಕಲಿಸುವುದಿಲ್ಲ. ತೊಟ್ಟಿನ ತುದಿಯನ್ನು ಕತ್ತರಿಸಿ ಕೊಡುವುದು ಇನ್ನೂ ಅಪಾಯಕರ. ಕಚ್ಚಿದಾಗ ರಬ್ಬರಿನ ಚೂರು ಗಂಟಲಿಗೆ ಸಿಕ್ಕಿಕೊಳ್ಳಬಹುದು. ನಿಪ್ಪಲ್ ಬದಲಿಗೆ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವುದರಿಂದ ಹಲ್ಲು ಹುಳುಕಾಗುತ್ತದೆ, ಕಿವಿಯ ತೊಂದರೆಯೂ ತಪ್ಪುವುದಿಲ್ಲ. ಕೆಲವು ಮಕ್ಕಳು ನಿಪ್ಪಲ್ ಬಿಟ್ಟು ಹೆಬ್ಬೆರಳಿಗೆ ತಿರುಗುತ್ತವೆ. ಆಗ ಗದರಿಸಿ ಕೈ ಎಳೆಯಬಾರದು. ಕೈಗೆ ಒಂದು ಗೊಂಬೆ ಕೊಟ್ಟು ಮಲಗಿಸುವ ಕ್ರಮವನ್ನು ಮುಂದುವರಿಸಿದರೆ ಬಹುಪಾಲು ಮಕ್ಕಳು ತಾವಾಗಿಯೇ ಅದನ್ನು ಕಡಿಮೆ ಮಾಡುತ್ತವೆ.

ವೈದ್ಯರಿಗೆ ತೋರಿಸಬೇಕಾದ ಸಂದರ್ಭಗಳು

ನಿಪ್ಪಲ್ ಬಿಡಿಸಿದ್ದರಿಂದ ಬರುವ ಅಳು ದಿನದಿಂದ ದಿನಕ್ಕೆ ಇಳಿಯುತ್ತದೆ, ಹಗಲಿನಲ್ಲಿ ಮಗು ಎಂದಿನಂತೆ ತಿಂದು ಆಡುತ್ತದೆ. ಹೀಗಲ್ಲದೆ ಅಳುವಿನೊಡನೆ ಜ್ವರವಿದ್ದರೆ, ಮಲಗಿಸಿದಾಗ ನೋವು ಹೆಚ್ಚಿ ಮಗು ಕಿವಿಯನ್ನು ಹಿಡಿದೆಳೆಯುತ್ತಿದ್ದರೆ, ಕಿವಿ ಸೋರಿದರೆ, ಅದು ಅಭ್ಯಾಸದ ಅಳುವಲ್ಲ. ಅದೇ ದಿನ ತೋರಿಸಬೇಕು. ಕಿವಿಗೆ ಕಾಯಿಸಿದ ಎಣ್ಣೆ ಬಿಡಬಾರದು. ನಾಲಿಗೆ ಮತ್ತು ಕೆನ್ನೆಯ ಒಳಭಾಗದಲ್ಲಿ ಒರೆಸಿದರೂ ಹೋಗದ ಬಿಳಿ ಪದರ ಕಂಡರೆ ಅದು ಬೂಷ್ಟಿನ ಜಾತಿಯ ಸೋಂಕು. ಅದಕ್ಕೆ ಸುಲಭವಾದ ಔಷಧವಿದೆ. ನಿದ್ರೆಯಲ್ಲಿ ಪ್ರತಿ ದಿನ ಗೊರಕೆ ಹೊಡೆದು ಉಸಿರು ನಿಂತು ನಿಂತು ಬರುವ ಮಗುವನ್ನೂ ಪರೀಕ್ಷಿಸಬೇಕು.

ಅಭ್ಯಾಸದ ಪ್ರಶ್ನೆಗಳು

1. ಹಸಿವಿನ ಚೀಪುವಿಕೆಗೂ ಸಮಾಧಾನದ ಚೀಪುವಿಕೆಗೂ ಇರುವ ವ್ಯತ್ಯಾಸವನ್ನು ತಾಯಿ ಹೇಗೆ ಗುರುತಿಸಬಹುದು?

2. ನಿದ್ರೆ ಬಂದ ಮೇಲೆ ಬಿದ್ದುಹೋದ ನಿಪ್ಪಲ್ಲನ್ನು ಮತ್ತೆ ಬಾಯಿಗೆ ಇಡುವ ಅಗತ್ಯವಿಲ್ಲ, ಏಕೆ?

3. ನಿಪ್ಪಲ್ ಬಿಡಿಸುವ ಎರಡನೆಯ ರಾತ್ರಿ ಅಳು ಹೆಚ್ಚಾದಾಗ ಮನೆಯವರು ಏನು ಮಾಡಬೇಕು, ಏನು ಮಾಡಬಾರದು?

4. ನಿಮ್ಮ ವ್ಯಾಪ್ತಿಯಲ್ಲಿ ಎಂಟು ತಿಂಗಳು ದಾಟಿದ, ಹಗಲಿನಲ್ಲಿಯೂ ನಿಪ್ಪಲ್ ಚೀಪುವ ಮಗುವೊಂದನ್ನು ಗುರುತಿಸಿ. ರಾತ್ರಿ ಎಷ್ಟು ಸಲ ಏಳುತ್ತದೆ, ಕಿವಿ ಎಂದಾದರೂ ಸೋರಿದೆಯೇ, ತೂಕದ ಗೆರೆ ಹೇಗಿದೆ ಎಂಬುದನ್ನು ವಿಚಾರಿಸಿ, ಮುಂದಿನ ಭೇಟಿಯ ದಿನ ವೈದ್ಯಾಧಿಕಾರಿಗೆ ತಿಳಿಸಿ.